ಓಪನ್ ಇಂಟರೆಸ್ಟ್ ಮತ್ತು ವಹಿವಾಟಿನ ಪ್ರಮಾಣ

ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಚುಕ್ತಾ ಆಗದೆ ಉಳಿದಿರುವ ಒಪ್ಪಂದಗಳ ಒಟ್ಟು ಸಂಖ್ಯೆಯನ್ನು ಓಪನ್ ಇಂಟರೆಸ್ಟ್ ಎನ್ನುತ್ತಾರೆ. ಒಂದು ದಿನದಲ್ಲಿ ಕೈಬದಲಾದ ಒಪ್ಪಂದಗಳ ಸಂಖ್ಯೆಯೇ ವಹಿವಾಟಿನ ಪ್ರಮಾಣ. ವಹಿವಾಟಿನ ಎಣಿಕೆ ಪ್ರತಿದಿನ ಸೊನ್ನೆಯಿಂದ ಆರಂಭವಾಗುತ್ತದೆ. ಓಪನ್ ಇಂಟರೆಸ್ಟ್ ಮಾತ್ರ ಹಿಂದಿನ ದಿನದಿಂದ ಮುಂದುವರಿಯುತ್ತದೆ. ಬೆಲೆಯ ಏರಿಳಿತದ ಹಿಂದೆ ಹೊಸ ವ್ಯಾಪಾರಿಗಳಿದ್ದಾರೆಯೇ ಅಥವಾ ಹಳಬರು ಹೊರಹೋಗುತ್ತಿದ್ದಾರೆಯೇ ಎಂದು ಅಂದಾಜಿಸಲು ಇವೆರಡನ್ನೂ ಬೆಲೆಯೊಂದಿಗೆ ಹೋಲಿಸಲಾಗುತ್ತದೆ.

== ಎಣಿಕೆಯ ಕ್ರಮ ==

ಮೊದಲ ದಿನ 'ಕ' ಎಂಬಾತ 'ಖ' ಎಂಬಾತನಿಂದ 10 ಒಪ್ಪಂದಗಳನ್ನು ಕೊಂಡನೆಂದು ಭಾವಿಸೋಣ. ಇಬ್ಬರೂ ಮಾರುಕಟ್ಟೆಗೆ ಹೊಸಬರಾದ್ದರಿಂದ ವಹಿವಾಟು 10, ಓಪನ್ ಇಂಟರೆಸ್ಟ್ ಕೂಡ 10. ಎರಡನೆಯ ದಿನ 'ಕ' ತನ್ನ 4 ಒಪ್ಪಂದಗಳನ್ನು ಹೊಸಬನಾದ 'ಗ'ನಿಗೆ ಮಾರುತ್ತಾನೆ. ವಹಿವಾಟು 4 ಆದರೂ ಒಪ್ಪಂದದ ಒಡೆಯ ಮಾತ್ರ ಬದಲಾಗಿರುವುದರಿಂದ ಓಪನ್ ಇಂಟರೆಸ್ಟ್ 10 ಆಗಿಯೇ ಉಳಿಯುತ್ತದೆ. ಮೂರನೆಯ ದಿನ 'ಖ' ತಾನು ಮಾರಿದ್ದರಲ್ಲಿ 6 ಒಪ್ಪಂದಗಳನ್ನು 'ಕ'ನಿಂದ ಮರಳಿ ಕೊಂಡರೆ ಆ 6 ಒಪ್ಪಂದಗಳು ರದ್ದಾಗಿ ಓಪನ್ ಇಂಟರೆಸ್ಟ್ 4ಕ್ಕೆ ಇಳಿಯುತ್ತದೆ.

== ಬೆಲೆ ಏರಿಕೆಯ ಎರಡು ಬಗೆಗಳು ==

ಬೆಲೆ, ವಹಿವಾಟು ಮತ್ತು ಓಪನ್ ಇಂಟರೆಸ್ಟ್ ಮೂರೂ ಒಟ್ಟಿಗೆ ಏರಿದರೆ, ಹೆಚ್ಚಿನ ಬೆಲೆ ಕೊಟ್ಟಾದರೂ ಕೊಳ್ಳಲು ಹೊಸಬರು ಬರುತ್ತಿದ್ದಾರೆಂದು ಅರ್ಥೈಸಲಾಗುತ್ತದೆ. ಬೆಲೆ ಏರುತ್ತಿದ್ದರೂ ಓಪನ್ ಇಂಟರೆಸ್ಟ್ ಇಳಿಯುತ್ತಿದ್ದರೆ, ಮೊದಲೇ ಮಾರಿ ನಷ್ಟಕ್ಕೆ ಸಿಲುಕಿದವರು ಮರಳಿ ಕೊಳ್ಳುತ್ತಿರುವ ಸಂಭವ ಹೆಚ್ಚು. ಇದಕ್ಕೆ ಶಾರ್ಟ್ ಕವರಿಂಗ್ ಎಂದು ಹೆಸರು. ಆಗ ವಹಿವಾಟು ಭರಾಟೆಯಿಂದ ಕೂಡಿರಬಹುದು. ಆದರೆ ಅಂಥವರ ಖರೀದಿ ಮುಗಿದೊಡನೆ ಬೇಡಿಕೆಯೂ ಕುಗ್ಗುವುದರಿಂದ ಏರಿಕೆ ನಿಲ್ಲಬಹುದು. ಬೆಲೆ ಇಳಿಯುವಾಗಲೂ ಇದೇ ತರ್ಕ ಅನ್ವಯಿಸುತ್ತದೆ: ಓಪನ್ ಇಂಟರೆಸ್ಟ್ ಏರಿದರೆ ಹೊಸ ಮಾರಾಟ, ಇಳಿದರೆ ಕೊಂಡವರ ನಿರ್ಗಮನ.

== ರೋಲ್‌ಓವರ್‌ನಿಂದಾಗುವ ತಪ್ಪು ತಿಳಿವಳಿಕೆ ==

ನಿಫ್ಟಿ ಫ್ಯೂಚರ್ಸ್‌ನಲ್ಲಿ ಏಕಕಾಲಕ್ಕೆ ಮೂರು ತಿಂಗಳ ಒಪ್ಪಂದಗಳು ಚಾಲ್ತಿಯಲ್ಲಿರುತ್ತವೆ. ಅವಧಿ ಮುಗಿಯುವ ವಾರದಲ್ಲಿ ಅನೇಕರು ಚಾಲ್ತಿ ತಿಂಗಳ ಒಪ್ಪಂದವನ್ನು ಮುಗಿಸಿ ಮುಂದಿನ ತಿಂಗಳಿನದನ್ನು ತೆರೆಯುತ್ತಾರೆ. ಉದಾಹರಣೆಗೆ, ಚಾಲ್ತಿ ತಿಂಗಳ ಓಪನ್ ಇಂಟರೆಸ್ಟ್ 50,000 ಕುಸಿದು ಮುಂದಿನ ತಿಂಗಳಿನದು 47,000 ಹೆಚ್ಚಿದರೆ ನಿಜವಾದ ಇಳಿಕೆ 3,000 ಮಾತ್ರ. ಚಾಲ್ತಿ ತಿಂಗಳನ್ನಷ್ಟೇ ನೋಡಿದವರಿಗೆ ಇದು ಭಾರಿ ಶಾರ್ಟ್ ಕವರಿಂಗ್‌ನಂತೆ ಕಾಣುತ್ತದೆ. ಆದ್ದರಿಂದ ಎಲ್ಲ ತಿಂಗಳುಗಳ ಸಂಖ್ಯೆಯನ್ನು ಕೂಡಿಸಿ ನೋಡಬೇಕಾಗುತ್ತದೆ.

== ಮಿತಿಗಳು ==

ಪ್ರತಿ ಒಪ್ಪಂದಕ್ಕೂ ಒಬ್ಬ ಕೊಳ್ಳುವವ ಮತ್ತು ಒಬ್ಬ ಮಾರುವವ ಇರುವುದರಿಂದ, ಓಪನ್ ಇಂಟರೆಸ್ಟ್‌ನ ಏರಿಕೆಯೊಂದೇ ಯಾವ ಪಕ್ಷ ಬಲವಾಗಿದೆಯೆಂದು ಹೇಳಲಾರದು. ಷೇರುಗಳನ್ನು ಹೊಂದಿರುವವರು ಬೆಲೆ ಕುಸಿತದಿಂದ ರಕ್ಷಣೆಗಾಗಿ ಫ್ಯೂಚರ್ಸ್ ಮಾರಿದಾಗಲೂ ಅದು ಏರುತ್ತದೆ. ಅಂಥ ಮಾರಾಟ ಬೆಲೆ ಇಳಿಯುವುದೆಂಬ ಪಂತವಲ್ಲ. ಹೀಗಾಗಿ ಈ ಅಂಕಿಗಳು ಬೆಲೆಯ ದಿಕ್ಕನ್ನು ಮುನ್ಸೂಚಿಸುವುದಿಲ್ಲ. ಕಂಡ ಚಲನೆಯ ಹಿಂದಿನ ಕಾರಣವನ್ನು ಊಹಿಸಲು ಮಾತ್ರ ನೆರವಾಗುತ್ತವೆ.