ಹೋದ ತಿಂಗಳ ಹುಳುವಿಗೆ ಈ ತಿಂಗಳ ಮಾತ್ರೆ

ನಾಯಿಯ ಹೃದಯದ ಹುಳುವಿಗೆ ತಿಂಗಳಿಗೊಮ್ಮೆ ಕೊಡುವ ಐವರ್ಮೆಕ್ಟಿನ್ ಮಾತ್ರೆ ಸೊಳ್ಳೆ ಕಚ್ಚುವುದನ್ನು ತಡೆಯುವುದಿಲ್ಲ. ಕಳೆದ ತಿಂಗಳು ಸೊಳ್ಳೆ ಬಿಟ್ಟುಹೋದ ಮರಿಹುಳುಗಳನ್ನು ಅದು ಕೊಲ್ಲುತ್ತದೆ. ತಾರೀಖು ತಪ್ಪಬಾರದು ಎನ್ನುವುದು ಇದಕ್ಕೇ.

ಜೂನ್ 10ರಂದು ಸೋಂಕಿನ ಸೊಳ್ಳೆ ಕಚ್ಚಿತೆನ್ನಿ. ಕಚ್ಚಿದ ಗಾಯದಿಂದ ಒಳನುಸುಳಿದ ಮರಿಗಳು ಚರ್ಮದಡಿ ಬೆಳೆಯುತ್ತಿರುತ್ತವೆ. ಜುಲೈ 1ರ ಮಾತ್ರೆಗೆ ಸಾಯುತ್ತವೆ. ಜುಲೈ, ಆಗಸ್ಟ್ ಎರಡೂ ತಪ್ಪಿದರೆ ಅವು ಎಳೆಹುಳುಗಳಾಗಿ ರಕ್ತನಾಳದ ದಾರಿ ಹಿಡಿಯುತ್ತವೆ. ಸೆಪ್ಟೆಂಬರಿನ ಮಾತ್ರೆ ಅವನ್ನು ಕೊಂದೀತೆಂದು ನೆಚ್ಚುವಂತಿಲ್ಲ. ಮುಂದೆ ಶ್ವಾಸಕೋಶದ ರಕ್ತನಾಳಗಳಲ್ಲಿ ನೆಲೆಸಿ, ಹೆಣ್ಣುಹುಳು ಸುಮಾರು ಒಂದಡಿ ಉದ್ದ ಬೆಳೆಯುತ್ತದೆ.

ರಕ್ತಪರೀಕ್ಷೆಗೆ ಈ ಸೋಂಕು ಸಿಗಲು ಆರು ತಿಂಗಳಾದರೂ ಬೇಕು. ಹಾಗಾಗಿ ಸೆಪ್ಟೆಂಬರಿನಲ್ಲೇ ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ ಮಾತ್ರೆ ಮತ್ತೆ ಶುರುಮಾಡಿದರೂ, ಮಾರ್ಚ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಲೇಬೇಕು.