ಗುಂಪು ಚಿಕಿತ್ಸೆಯಲ್ಲಿ ಸಾರ್ವತ್ರಿಕತೆ ಮತ್ತು ಭರವಸೆ

ಒಂದೇ ಸಂಕಟಕ್ಕೆ ಒಳಗಾದವರು ಒಟ್ಟಿಗೆ ಕುಳಿತು ಮಾತನಾಡುವುದರಿಂದ ಗುಣ ಹೇಗೆ ಉಂಟಾಗುತ್ತದೆ? ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಮ್ ಗುಂಪು ಚಿಕಿತ್ಸೆಯನ್ನು ಕುರಿತ ತಮ್ಮ 1970ರ ಗ್ರಂಥದಲ್ಲಿ ಈ ಪ್ರಶ್ನೆಯನ್ನು ವಿವರವಾಗಿ ಪರಿಶೀಲಿಸಿದರು. ಅವರು ಪಟ್ಟಿಮಾಡಿದ 11 ಚಿಕಿತ್ಸಕ ಅಂಶಗಳಲ್ಲಿ ಎರಡು, ಗುಂಪಿನ ಆರಂಭದ ದಿನಗಳಲ್ಲಿಯೇ ಕೆಲಸಮಾಡತೊಡಗುತ್ತವೆ. 'ಈ ಪಾಡು ನನ್ನೊಬ್ಬನದಲ್ಲ' ಎಂಬ ಅರಿವು ಸಾರ್ವತ್ರಿಕತೆ. 'ನನಗೂ ಗುಣವಾಗಬಹುದು' ಎಂಬ ನಂಬಿಕೆಯ ಹುಟ್ಟು ಭರವಸೆ. ಇವೆರಡೂ ಗುಂಪನ್ನು ನಡೆಸುವವರ ಬಾಯಿಂದಲ್ಲ, ಸದಸ್ಯರಿಂದಲೇ ಬರುತ್ತವೆ ಎಂಬುದು ಯಾಜಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ.

ಇದನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡೋಣ. ಹನೂರು ಮತ್ತು ಯಳಂದೂರುಗಳಿಗೆ ನಡುವೆ ಇರುವ ಕೊಳ್ಳೇಗಾಲದ ಒಂದು ಧರ್ಮಕೇಂದ್ರದಲ್ಲಿ, ಮದ್ಯ ಬಿಡಲು ಹೆಣಗುತ್ತಿರುವ 8 ಮಂದಿ ವಾರಕ್ಕೊಮ್ಮೆ ಸಂಜೆ ಒಂದೂವರೆ ಗಂಟೆ ಸೇರುತ್ತಾರೆಂದು ಭಾವಿಸೋಣ. ಇವರಲ್ಲಿ ಕಲ್ಲುಕೋರೆಯ ಕೂಲಿಯವರು, ರೇಷ್ಮೆ ಬೆಳೆಗಾರರು, ಬಸ್ಸಿನ ನೌಕರರೊಬ್ಬರು ಇದ್ದಾರೆ. ಅವರು ಕುಡಿಯುತ್ತಾರೆಂಬುದು ಅವರವರ ಊರಿಗೆಲ್ಲ ತಿಳಿದ ವಿಷಯ. ಆದುದರಿಂದ 'ನಾನೂ ಕುಡುಕನೇ' ಎಂದು ಒಬ್ಬನು ಹೇಳಿದಾಗ ಇನ್ನೊಬ್ಬನಿಗೆ ಹೊಸತೇನೂ ದೊರೆಯುವುದಿಲ್ಲ.

ಮೂರನೆಯ ವಾರ ಯಳಂದೂರಿನ ಕಡೆಯವನೊಬ್ಬನು ತಲೆ ತಗ್ಗಿಸಿ, "ಮಗಳ ಕಾಲುಚೈನು ಅಡ ಮಡಗಿ ಕುಡ್ದೆ. ಕಳ್ಳ ತಕ್ಕೊಂಡೋದ ಅಂತ ಅವಳಿಗೆ ಸುಳ್ಳು ಹೇಳ್ದೆ" ಎನ್ನುತ್ತಾನೆ. ಸ್ವಲ್ಪ ಹೊತ್ತು ಮೌನ. ಬಳಿಕ ಹನೂರಿನ ಕಡೆಯ ಹಿರಿಯನೊಬ್ಬನು, "ನಾನೂ ಹಂಗೇ ಕಣಪ್ಪ. ನಮ್ಮವ್ವನ ಪಿಂಚಣಿ ದುಡ್ಡು" ಎಂದಷ್ಟೇ ಹೇಳುತ್ತಾನೆ. ಸಾರ್ವತ್ರಿಕತೆ ಕೆಲಸ ಮಾಡಿದ್ದು ಇಲ್ಲಿ. ಮನುಷ್ಯನನ್ನು ಒಂಟಿಯಾಗಿಸುವುದು ಊರಿಗೆ ತಿಳಿದ ಚಟವಲ್ಲ. ತಾನೊಬ್ಬನೇ ಬಲ್ಲ ಆ ಒಂದು ಕೃತ್ಯ. ಅದಕ್ಕೆ ಸಮನಾದದ್ದು ಇನ್ನೊಬ್ಬನ ಬಾಳಿನಲ್ಲಿಯೂ ಇದೆಯೆಂದು ಕೇಳಿದಾಗ ನಾಚಿಕೆಯ ಬಿಗಿ ಸಡಿಲಗೊಳ್ಳುತ್ತದೆ. 'ನಾವೆಲ್ಲರೂ ಪಾಪಿಗಳೇ' ಎಂದು ಯಾಜಕರು ಆ ಮೌನವನ್ನು ತುಂಬಿದ್ದರೆ ಮಾತು ನಿಜವೇ ಆಗಿರುತ್ತಿತ್ತು; ಆದರೆ ಹಿರಿಯನ ಬಾಯಿ ಮುಚ್ಚಿಹೋಗುತ್ತಿತ್ತು.

ಭರವಸೆಯೂ ಹೀಗೆಯೇ ಒಬ್ಬರಿಂದೊಬ್ಬರಿಗೆ ಹರಡುತ್ತದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಭೇಟಿಯಾದುದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಬಾಬ್ ವೈದ್ಯರಾಗಿದ್ದರು; ಮದ್ಯದ ಹಾನಿ ಅವರಿಗೆ ತಿಳಿಯದಿರಲಿಲ್ಲ. ಕೆಲವು ತಿಂಗಳ ಹಿಂದಷ್ಟೇ ಕುಡಿತ ಬಿಟ್ಟವನೊಬ್ಬನು ಎದುರು ಕುಳಿತು ತನ್ನ ಅನುಭವ ಹೇಳಿದ್ದೇ ಅವರನ್ನು ತಟ್ಟಿತು. ಆದುದರಿಂದ ಗುಂಪಿನಲ್ಲಿ ಎಲ್ಲರೂ ಒಂದೇ ಹಂತದಲ್ಲಿರಬಾರದು. ನಿನ್ನೆ ಕುಡಿದವನ ಪಕ್ಕದಲ್ಲಿ ಆರು ವಾರ ತಡೆದುಕೊಂಡವನು, ಅವನ ಪಕ್ಕದಲ್ಲಿ ಎರಡು ವರ್ಷ ದಾಟಿದವನು ಇರಬೇಕು. ಹೊಸಬನಿಗೆ ಎರಡು ವರ್ಷ ದೂರದ ಬೆಟ್ಟದಂತೆ ಕಾಣುತ್ತದೆ. ಆರು ವಾರ ಕೈಗೆ ಎಟುಕುತ್ತದೆ.

ಈ ಎರಡು ಅಂಶಗಳೂ ಕೆಡುವುದುಂಟು. ಕುಡಿತದ ಕಥೆಗಳು ನಗುವಿನೊಡನೆ ಪೈಪೋಟಿಗೆ ಬಿದ್ದರೆ ಸಾರ್ವತ್ರಿಕತೆ ಪರಸ್ಪರ ಸಮರ್ಥನೆಯಾಗಿ ಮಾರ್ಪಟ್ಟಿದೆ ಎಂದರ್ಥ. ಆಗ 'ಈ ವಾರ ಏನಾಯಿತು?' ಎಂದು ಮಾತನ್ನು ವರ್ತಮಾನಕ್ಕೆ ಎಳೆಯಬೇಕು. ಎಲ್ಲರೂ ಆದರ್ಶವಾಗಿ ಕಂಡವನೇ ಮತ್ತೆ ಕುಡಿದರೆ ಭರವಸೆ ಕುಸಿಯುತ್ತದೆ. ಅವನು ನಾಚಿ ದೂರವಾದರಂತೂ ಇನ್ನಷ್ಟು. ಅವನನ್ನು ಅದೇ ವಾರ ಮರಳಿ ಕರೆತಂದು, ಜಾರಿದುದು ಎಲ್ಲಿ ಎಂದು ಅವನೇ ಹೇಳುವಂತೆ ಮಾಡಿದರೆ, ಬಿದ್ದವನೂ ಹಿಂತಿರುಗಬಹುದೆಂಬುದನ್ನು ಗುಂಪು ಕಣ್ಣಾರೆ ಕಾಣುತ್ತದೆ. ಗುಂಪಿನ ಸ್ಥಿತಿಯನ್ನು ಅರಿಯಲು ಸುಲಭ ಗುರುತೊಂದಿದೆ: ಮಾತನಾಡುವವರು ಪ್ರತಿ ವಾಕ್ಯಕ್ಕೂ ಯಾಜಕರ ಮುಖವನ್ನೇ ನೋಡುತ್ತಿದ್ದರೆ ಗುಂಪು ಇನ್ನೂ ರೂಪುಗೊಂಡಿಲ್ಲ.

ಇನ್ನೆರಡು ಮಿತಿಗಳನ್ನು ನಾವು ಮರೆಯಲಾಗದು. ಗುಂಪು ಪಾಪನಿವೇದನೆ ಸಂಸ್ಕಾರವಲ್ಲ. ಅಲ್ಲಿಯ ಮಾತಿನ ಗೋಪ್ಯತೆ ಸದಸ್ಯರು ಪರಸ್ಪರ ಕೊಟ್ಟ ಮಾತಿನ ಮೇಲೆ ನಿಂತಿದೆ. ಆ ಮಾತನ್ನು ಮೊದಲ ದಿನವೇ ಎಲ್ಲರಿಂದ ಪಡೆಯಬೇಕು. ಪಾಪನಿವೇದನೆಯಲ್ಲಿ ಕೇಳಿದುದನ್ನು ಯಾಜಕರು ಸೂಚನೆಯಾಗಿಯೂ ಗುಂಪಿಗೆ ತರಬಾರದು. ಎರಡನೆಯದಾಗಿ, ಬಹುಕಾಲ ದಿನವೂ ಕುಡಿದವರು ಭರವಸೆಯ ಭರದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ ಮತ್ತು ಬೆವರು, 2 ದಿನಗಳೊಳಗೆ ಫಿಟ್ಸ್, ಅನಂತರ ಭ್ರಮೆ, ಗೊಂದಲಗಳು ಉಂಟಾಗಬಹುದು, ಪ್ರಾಣಾಪಾಯವೂ ಇದೆ. ಅಂಥವರು ನಿಲ್ಲಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಅವರು ಆಸ್ಪತ್ರೆಯಿಂದ ಮರಳಿದ ದಿನ ಅವರಿಗಾಗಿ ಒಂದು ಕುರ್ಚಿ ಖಾಲಿ ಇರುವಂತೆ ನೋಡಿಕೊಳ್ಳುವುದು ಗುಂಪಿನ ಹೊಣೆ.