ಓದಿನ ಖಾತೆಗೆ ಬಿದ್ದ ಬುದ್ಧಿಯ ಜಮೆ

ಒಂದು ವರ್ಷ ಹೆಚ್ಚು ಓದಿದರೆ ಸಂಬಳ ಎಷ್ಟು ಏರುತ್ತದೆ? ಅಮೆರಿಕದ 935 ಉದ್ಯೋಗಸ್ಥ ಗಂಡಸರ 1980ರ ಸಂಬಳದ ವಿವರ ಜೆಫ್ರಿ ವೂಲ್ಡ್ರಿಜ್ ಅವರ ಪಠ್ಯಪುಸ್ತಕದ ಅಭ್ಯಾಸವೊಂದರಲ್ಲಿದೆ. ಸಂಬಳವನ್ನು ಓದಿನ ವರ್ಷಗಳ ಜೊತೆ ಮಾತ್ರ ಇಟ್ಟು ನೋಡಿದರೆ ವರ್ಷಕ್ಕೆ ಸುಮಾರು ಶೇ. 6ರ ಏರಿಕೆ ಕಾಣುತ್ತದೆ. ಅವರ ಐಕ್ಯೂ ಅಂಕವನ್ನೂ ಲೆಕ್ಕಕ್ಕೆ ಸೇರಿಸಿದ ಕೂಡಲೇ ಅದು ಶೇ. 3.9ಕ್ಕೆ ಇಳಿಯುತ್ತದೆ. ನಡುವಿನ 2.1 ಎಲ್ಲಿಂದ ಬಂದಿತ್ತು?

ಪ್ರೌಢಶಾಲೆಯ ಬೀಜಗಣಿತವೇ ಉತ್ತರಕ್ಕೆ ಸಾಕು. ಸಂಬಳದ ಲಾಗರಿದಮ್ w, ಓದಿನ ವರ್ಷ s, ಐಕ್ಯೂ q ಎಂದಿರಲಿ. ಪೂರ್ಣ ಸಮೀಕರಣ ಹೀಗಿದೆ:

w = a + b·s + c·q + e

e ಎಂದರೆ ಉಳಿಕೆ; s, q ಎರಡರ ಜೊತೆಗೂ ಅದಕ್ಕೆ ನಂಟಿಲ್ಲ. ಈಗ q ಅನ್ನು ಮರೆತು ಬರೀ s ಹಿಡಿದು ಗೆರೆ ಎಳೆಯೋಣ. ಆ ಗೆರೆಯ ಇಳಿಜಾರು m ಸಿಗುವುದು, s ಮತ್ತು w ಒಟ್ಟೊಟ್ಟಿಗೆ ಏರಿಳಿಯುವ ಅಳತೆಯನ್ನು s ತಾನೇ ಏರಿಳಿಯುವ ಅಳತೆಯಿಂದ ಭಾಗಿಸಿದಾಗ:

m = Cov(s,w) / Var(s)

ಇಲ್ಲಿ w ಜಾಗದಲ್ಲಿ ಪೂರ್ಣ ಸಮೀಕರಣವನ್ನೇ ಇಡಿ. a ಬದಲಾಗದ ಸಂಖ್ಯೆ, ಆದ್ದರಿಂದ ಅದರ ಪಾಲು ಸೊನ್ನೆ. e ಪಾಲೂ ಸೊನ್ನೆ. ಉಳಿಯುವುದು:

m = b + c·d, d = Cov(s,q) / Var(s)

d ಹೇಳುವುದು ಇಷ್ಟೇ: ಒಂದು ವರ್ಷ ಹೆಚ್ಚು ಓದಿದವರ ಐಕ್ಯೂ ಸರಾಸರಿ ಎಷ್ಟು ಅಂಕ ಹೆಚ್ಚಿರುತ್ತದೆ. ಈ 935 ಜನರಲ್ಲಿ ಅದು 3.534. ಐಕ್ಯೂ ಅಂಕವೊಂದರ ಬೆಲೆ c = 0.00586. ಎರಡನ್ನೂ ಗುಣಿಸಿದರೆ 0.0207. ಇದಕ್ಕೆ b, ಅಂದರೆ 0.0391 ಕೂಡಿಸಿ: 0.0598. ಮೊದಲು ಕಂಡ ಶೇ. 6 ಇದೇ. ಬುದ್ಧಿಗೆ ಸಿಗಬೇಕಾದ ಜಮೆ ಓದಿನ ಖಾತೆಗೆ ಬಿದ್ದಿತ್ತು.

ತಪ್ಪು ಒಂದು ಗುಣಲಬ್ಧವಾಗಿರುವುದನ್ನು ಗಮನಿಸಿ. c ಅಥವಾ d ಸೊನ್ನೆಯಾದರೆ, ಬಿಟ್ಟುಹೋದ ಅಂಶದಿಂದ ಈ ಇಳಿಜಾರಿಗೆ ಕುಂದಿಲ್ಲ. ಒಂದರ ಚಿಹ್ನೆ ಋಣವಾದರೆ ತಪ್ಪು ತಿರುಗಿ ನಿಲ್ಲುತ್ತದೆ. ಕೆಲಸದ ಅನುಭವವನ್ನೇ ನೋಡಿ: ಅದು ಸಂಬಳ ಏರಿಸುತ್ತದೆ, ಆದರೆ ಒಂದೇ ವಯಸ್ಸಿನವರಲ್ಲಿ ಹೆಚ್ಚು ಓದಿದವರಿಗೆ ಅನುಭವ ಕಡಿಮೆ. ಅದನ್ನು ಬಿಟ್ಟರೆ ಓದಿನ ಲಾಭ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

935ರ ಬದಲು ಒಂಬತ್ತು ಲಕ್ಷ ಜನರನ್ನು ತಂದರೂ c·d ಕರಗದು. ಉಳಿಕೆಗಳನ್ನು ತಡಕಿ ಈ ತಪ್ಪನ್ನು ಹಿಡಿಯಲೂ ಆಗದು. ಗೆರೆ ಎಳೆಯುವ ವಿಧಾನವೇ ಉಳಿಕೆಗೂ ಓದಿಗೂ ನಂಟಿಲ್ಲದಂತೆ ಮಾಡಿಬಿಟ್ಟಿರುತ್ತದೆ. ಏನು ಬಿಟ್ಟಿದ್ದೇವೆ ಎಂದು ಅಂಕಿಗಳ ಹೊರಗೆ ನಿಂತೇ ಯೋಚಿಸಬೇಕು.

ಹಾಗೆ ಯೋಚಿಸಿದರೆ ಶೇ. 3.9 ಕೂಡ ಕೊನೆಯ ಉತ್ತರವಲ್ಲ. ಮನೆತನದ ಅನುಕೂಲ, ಛಲ ಇನ್ನೂ ಹೊರಗೇ ಇವೆ. ಓದೇ ಐಕ್ಯೂ ಅಂಕವನ್ನು ಹೆಚ್ಚಿಸಿದ್ದರೆ, ಆಗ ಓದಿನ ಜಮೆಯನ್ನೇ ನಾವು ಬುದ್ಧಿಯ ಖಾತೆಗೆ ಬರೆದಂತಾಯಿತು.